ಇನ್ನೊಬ್ಬರಿಗೆ ಭಾಷಣ ಬರೆದುಕೊಡುವುದು ಹೇಗೆ?

ನಮ್ಮ ತಳಿಯ ಸುತ್ತಿನ ಹಳ್ಳಿಗಳಲ್ಲಿ ಶಾಲಾ ವಾರ್ಷಿಕೋತ್ಸವ, ಬೀಳ್ಕೊಡುಗೆ, ಗ್ರಾಮಸಭೆ ಮುಂತಾದ ಸಮಾರಂಭಗಳು ನಡೆಯುತ್ತಲೇ ಇರುತ್ತವೆ. ಅಂಥ ಕಡೆ ಎರಡು ಮಾತನಾಡಬೇಕಾದವರು ಎಷ್ಟೋ ಸಲ ವೇದಿಕೆಯನ್ನೇ ಹತ್ತದವರಾಗಿರುತ್ತಾರೆ. ಕೆಲಸದಲ್ಲಿ ಪಳಗಿದವರು, ಮನೆಯ ಜಗಲಿಯ ಮೇಲೆ ಕುಳಿತರೆ ಗಂಟೆಗಟ್ಟಲೆ ಸೊಗಸಾಗಿ ಮಾತನಾಡಬಲ್ಲವರು. ಆದರೆ ಮೈಕಿನ ಮುಂದೆ ನಿಲ್ಲಬೇಕೆಂದರೆ ಬಾಯಿ ಒಣಗುತ್ತದೆ. ಆಗ ಅವರು ಮನೆಯಲ್ಲಿ ಕನ್ನಡ ಓದುತ್ತಿರುವ ಹುಡುಗನನ್ನೋ ಹುಡುಗಿಯನ್ನೋ ಕರೆದು, "ನಾಲ್ಕು ಮಾತು ಬರ್ಕೊಡಪ್ಪಾ" ಎನ್ನುತ್ತಾರೆ.

ಹೀಗೆ ಕೇಳಿದವರಿಗೆ ಬರೆದುಕೊಡುವುದಕ್ಕೆ ಎರಡು ದಾರಿಗಳುಂಟು. ಒಂದು, ತಾಲ್ಲೂಕು ಕಛೇರಿಯ ಮುಂದೆ ಅರ್ಜಿ ಬರೆಯುವವರ ದಾರಿ. ಅಲ್ಲಿ ಹೋದವನು ತನ್ನ ಕಷ್ಟವನ್ನು ತನ್ನ ಮಾತಿನಲ್ಲಿ ಹೇಳುತ್ತಾನೆ. ಬರೆಯುವವರು ಅದನ್ನು ಕಛೇರಿಯ ಮಾತಿಗೆ ತಿರುಗಿಸುತ್ತಾರೆ. ಅರ್ಜಿಗೆ ಅದು ಸರಿ, ಓದುವವರು ಅಧಿಕಾರಿಗಳು. ಹತ್ತು ಜನರ ಹತ್ತು ಅರ್ಜಿಗಳು ಒಂದೇ ಬಗೆಯಾಗಿದ್ದರೂ ಕೆಲಸ ಕೆಡುವುದಿಲ್ಲ. ಎರಡನೆಯದು, ಮಾತನಾಡುವವರನ್ನೇ ಕುಳ್ಳಿರಿಸಿ ಕೇಳಿ, ಅವರ ರೂಢಿ, ಅವರ ಮಾತಿನ ವರಸೆ, ಅವರ ಕಥೆ ಇವುಗಳಿಂದಲೇ ಭಾಷಣವನ್ನು ಕಟ್ಟುವುದು. ಭಾಷಣಕ್ಕೆ ಈ ಎರಡನೆಯ ದಾರಿಯೇ ಬೇಕು. ಏಕೆಂದರೆ ಕೇಳುವವರು ಅವರನ್ನು ದಿನವೂ ಕಂಡವರು. ಬೇರೆಯವರ ಮಾತು ಅವರ ಬಾಯಲ್ಲಿ ಬಂದರೆ ಮೊದಲನೆಯ ವಾಕ್ಯದಲ್ಲೇ ಗೊತ್ತಾಗಿಬಿಡುತ್ತದೆ.

ಈ ವಿದ್ಯೆ ಹೊಸದಲ್ಲ. ಕ್ರಿ. ಪೂ. 400ರ ಸುಮಾರಿನಲ್ಲಿ ಗ್ರೀಸಿನ ಅಥೆನ್ಸ್ ನಗರದಲ್ಲಿ ಲೈಸಿಯಾಸ್ ಎಂಬವನಿದ್ದನು. ಅಲ್ಲಿನ ನ್ಯಾಯಾಲಯದಲ್ಲಿ ವಾದಿ ಪ್ರತಿವಾದಿಗಳು ತಮ್ಮ ಮಾತನ್ನು ತಾವೇ ಆಡಬೇಕಾಗಿತ್ತು. ಆದ್ದರಿಂದ ಜನರು ಲೈಸಿಯಾಸನಂಥವರ ಬಳಿ ಹೋಗಿ ಭಾಷಣ ಬರೆಯಿಸಿಕೊಂಡು, ಬಾಯಿಪಾಠ ಮಾಡಿ ಒಪ್ಪಿಸುತ್ತಿದ್ದರು. ಅವನು ಬರೆದದ್ದೆಂದು ಉಳಿದುಬಂದಿರುವ ಒಂದು ಭಾಷಣ ಒಬ್ಬ ಅಂಗವಿಕಲ ಬಡವನದು. ಅವನು ಒಂದು ಸಣ್ಣ ಕಸುಬು ಮಾಡಿಕೊಂಡು, ನಗರಸಭೆಯವರು ದಿನಕ್ಕೆ ಒಂದು ಓಬಲ್‌ನಂತೆ ಕೊಡುತ್ತಿದ್ದ ಸಹಾಯಧನದಲ್ಲಿ ಬದುಕುತ್ತಿದ್ದನು. ಯಾರೋ ಒಬ್ಬನು, "ಇವನು ಕುದುರೆ ಏರುತ್ತಾನೆ, ಇವನಿಗೇಕೆ ಸಹಾಯಧನ?" ಎಂದು ದೂರು ಕೊಟ್ಟನು. ಲೈಸಿಯಾಸನು ಅವನಿಗಾಗಿ ಕಣ್ಣೀರಿನ ಭಾಷಣ ಬರೆಯಲಿಲ್ಲ. ಆ ಮನುಷ್ಯ ಹಾಸ್ಯಗಾರ, ನಾಲಿಗೆ ಚುರುಕಿನವನು. ಭಾಷಣವೂ ಹಾಗೆಯೇ ಇದೆ. ತನ್ನಲ್ಲಿ ಹಣವಿದ್ದಿದ್ದರೆ ಎರವಿನ ಕುದುರೆ ಏಕೆ ಏರುತ್ತಿದ್ದೆ, ಮೆತ್ತನೆಯ ಜೀನು ಹಾಕಿದ ಹೇಸರಗತ್ತೆಯನ್ನೇ ಏರುತ್ತಿದ್ದೆನಲ್ಲ ಎನ್ನುತ್ತಾನೆ. ಬೇರೆಯವರು ಒಂದು ಕೋಲು ಊರಿದರೆ ತಾನು ಎರಡು ಕೋಲು ಊರುತ್ತೇನೆ, ಅದನ್ನೂ ಸಿರಿವಂತಿಕೆಯ ಗುರುತೆಂದು ದೂರಿನಲ್ಲಿ ಸೇರಿಸಬಾರದೇ ಎಂದೂ ಕೇಳುತ್ತಾನೆ. ಹಾಸ್ಯಗಾರನ ಬಾಯಿಗೆ ಹಾಸ್ಯವನ್ನೇ ಕೊಟ್ಟದ್ದರಿಂದ ಆ ಮಾತು ಅವನದೇ ಆಗಿ ಕೇಳಿಸುತ್ತದೆ. ಆಡುವವರ ಸ್ವಭಾವಕ್ಕೆ ತಕ್ಕ ಮಾತನ್ನು ಕಟ್ಟುವ ಈ ಗುಣಕ್ಕಾಗಿಯೇ ಮುಂದಿನ ಕಾಲದ ವಿಮರ್ಶಕರು ಲೈಸಿಯಾಸನನ್ನು ಹೊಗಳಿದರು.

ಈಗ ಈ ಕೆಲಸವನ್ನು ನಮ್ಮ ಊರಿಗೆ ತಂದು, ಒಂದು ಉದಾಹರಣೆಯ ಮೂಲಕ ಹಂತಹಂತವಾಗಿ ನೋಡೋಣ.

ತಮಿಳುನಾಡಿನ ಗ್ರಾಮಾಂತರ ಶಾಲೆಗಳಿಗೆ ಮಧ್ಯಾಹ್ನದ ಊಟದ ಯೋಜನೆ ವಿಸ್ತಾರವಾಗಿ ಬಂದದ್ದು 1982ರಲ್ಲಿ. ಆ ಊಟವನ್ನು ನಮ್ಮ ಕಡೆ ಕನ್ನಡದವರೂ "ಸತ್ತುಣವು" ಎಂದೇ ಕರೆಯುವುದುಂಟು. ಒಂದು ಶಾಲೆಯ ಸತ್ತುಣವು ಅಡುಗೆಯಮ್ಮ 24 ವರ್ಷ ದುಡಿದು ನಿವೃತ್ತರಾಗುತ್ತಿದ್ದಾರೆ ಎಂದುಕೊಳ್ಳೋಣ. ಹೆಸರು ಬೇಡ, ಇಂಥವರು ಪ್ರತಿ ಊರಿನಲ್ಲೂ ಇದ್ದಾರೆ. ಅವರಿಗೆ ಅಕ್ಷರ ಕೂಡಿಸಿ ಓದುವುದಷ್ಟೇ ಬರುತ್ತದೆ. ಬೀಳ್ಕೊಡುಗೆಯ ದಿನ ನಾಲ್ಕು ನಿಮಿಷ ಮಾತನಾಡಬೇಕು.

ಮೊದಲನೆಯ ಕೆಲಸ ಕೇಳುವುದು. ಎಲ್ಲಿ ಕೇಳಬೇಕು ಎಂಬುದು ಮುಖ್ಯ. ಮುಖ್ಯೋಪಾಧ್ಯಾಯರ ಕೊಠಡಿಯಲ್ಲಿ ಕುರ್ಚಿ ಹಾಕಿ ಕೂರಿಸಿದರೆ ಅವರು "ಹೂಂ", "ಇಲ್ಲ" ಎನ್ನುವುದಕ್ಕಿಂತ ಹೆಚ್ಚು ಆಡುವುದಿಲ್ಲ. ಮಕ್ಕಳ ಊಟವಾಗಿ, ಪಾತ್ರೆ ತೊಳೆದಾದ ಮೇಲೆ, ಅಡುಗೆಮನೆಯಲ್ಲೇ ಕುಳಿತು ಕೇಳಬೇಕು. ಅಲ್ಲಿ ಸೌಟು, ಡಬರಿ, ಒಲೆ ಎಲ್ಲವೂ ಕಣ್ಣೆದುರಿಗಿರುತ್ತವೆ. ನೆನಪು ತಾನಾಗಿ ಬರುತ್ತದೆ. ನಾವು ಇಬ್ಬರು ಹೋಗುವುದು ಒಳ್ಳೆಯದು. ಒಬ್ಬರು ಅವರ ಮುಖ ನೋಡಿ ಕೇಳುತ್ತಿರಬೇಕು, ಇನ್ನೊಬ್ಬರು ಬರೆದುಕೊಳ್ಳಬೇಕು. ಅವರು ಒಪ್ಪಿದರೆ ಮೊಬೈಲಿನಲ್ಲಿ ಧ್ವನಿಯನ್ನು ಹಿಡಿದಿಡಬಹುದು. ಎರಡು ದಿನ, ದಿನಕ್ಕೆ ಅರ್ಧ ಗಂಟೆ ಸಾಕು. ಒಂದೇ ದಿನ ಮುಗಿಸಬಾರದು, ಏಕೆಂದರೆ ಮೊದಲನೆಯ ದಿನ ಕೇಳಿದ್ದು ರಾತ್ರಿ ಅವರ ಮನಸ್ಸಿನಲ್ಲಿ ಓಡಾಡುತ್ತದೆ. ಮರುದಿನ "ಅಯ್ಯೋ, ಇನ್ನೊಂದು ಹೇಳೋದು ಮರ್ತೆ ನೋಡು" ಎಂದು ಅವರೇ ಆರಂಭಿಸುತ್ತಾರೆ.

ಏನು ಕೇಳಬೇಕು? "ನೀವು ಸಭೆಯಲ್ಲಿ ಏನು ಹೇಳಬೇಕೆಂದಿದ್ದೀರಿ?" ಎಂದು ಕೇಳಿದರೆ "ನಂಗೇನ್ ಗೊತ್ತಪ್ಪಾ, ನೀವೇ ಬರೀರಿ" ಎಂಬ ಉತ್ತರ ಬರುತ್ತದೆ. "ನಿಮ್ಮ ಸೇವೆಯ ಬಗ್ಗೆ ನಿಮ್ಮ ಅನಿಸಿಕೆಯೇನು?" ಎಂದರೆ, "ಏನೋ ದೇವ್ರು ನಡೆಸ್ದ" ಎನ್ನುತ್ತಾರೆ. ದೊಡ್ಡ ಪ್ರಶ್ನೆಗೆ ಸಿಗುವುದು ಎಲ್ಲರೂ ಕೊಡುವ ಉತ್ತರ. ಸಣ್ಣ ಪ್ರಶ್ನೆಗೆ ಅವರೊಬ್ಬರೇ ಕೊಡಬಲ್ಲ ಉತ್ತರ ಸಿಗುತ್ತದೆ. ಬೆಳಿಗ್ಗೆ ಬಂದು ಮೊದಲು ಮುಟ್ಟುವುದು ಯಾವ ವಸ್ತು? ಅನ್ನ ಬೆಂದಿದೆ ಎಂದು ಹೇಗೆ ನೋಡುತ್ತೀರಿ? ಯಾವ ಮಗುವನ್ನು ಹೆಚ್ಚು ಬೈಯುತ್ತಿದ್ದಿರಿ? ಅಡುಗೆ ಕೆಟ್ಟ ದಿನ ಯಾವುದು? ಸಾಯಂಕಾಲ ಬೀಗ ಹಾಕುವ ಮೊದಲು ಏನು ಮಾಡುತ್ತೀರಿ? ಹೀಗೆ ಕೈಗೆ ಕಣ್ಣಿಗೆ ಸಿಗುವ ಸಂಗತಿಗಳನ್ನು ಕೇಳಬೇಕು. ಅವರು ನಿಲ್ಲಿಸಿದಾಗ ಬೇಗನೆ ಇನ್ನೊಂದು ಪ್ರಶ್ನೆ ಹಾಕದೆ ಸುಮ್ಮನಿರಬೇಕು, ಅಥವಾ "ಆಮೇಲೆ?" ಎಂದಷ್ಟೇ ಕೇಳಬೇಕು. ಒಳ್ಳೆಯ ಮಾತು ಬರುವುದು ಹೆಚ್ಚಾಗಿ ಆ ಮೌನದ ನಂತರವೇ.

ಎರಡನೆಯ ಕೆಲಸ ಬರೆದುಕೊಳ್ಳುವುದು. ನೋಟುಪುಸ್ತಕದ ಹಾಳೆಗೆ ಎರಡು ಗೆರೆ ಎಳೆದು ಮೂರು ಭಾಗ ಮಾಡಬೇಕು: ರೂಢಿ, ಮಾತು, ಕಥೆ. ನಮ್ಮ ಅಡುಗೆಯಮ್ಮನವರ ಹಾಳೆ ಹೀಗೆ ತುಂಬಿದೆ ಎಂದುಕೊಳ್ಳೋಣ.

ರೂಢಿಯ ಭಾಗದಲ್ಲಿ: ಯಾರೇ ಎದುರಾದರೂ ನಮಸ್ಕಾರದ ಬದಲು "ಊಟ ಆಯ್ತಾ?" ಎನ್ನುತ್ತಾರೆ. ಸಾಯಂಕಾಲ ಬೀಗ ಹಾಕುವ ಮುನ್ನ ಅಟ್ಟದ ಮೇಲೆ ಒಂದು ಹೊರೆ ಒಣಸೌದೆ ಇದೆಯೇ ಎಂದು ನೋಡುತ್ತಾರೆ. ಗ್ಯಾಸ್ ಒಲೆ ಬಂದ ಮೇಲೂ ಈ ರೂಢಿ ಬಿಟ್ಟಿಲ್ಲ.

ಮಾತಿನ ಭಾಗದಲ್ಲಿ: ಕಾರಣ ಹೇಳುವಾಗ "ಅದ್ಯಾಕಂದ್ರೆ" ಎಂದು ತೊಡಗುತ್ತಾರೆ. ಮಕ್ಕಳನ್ನು "ಸಾಮಿ" ಎಂದು ಕರೆಯುತ್ತಾರೆ. ಕೆಲಸದ ವಿಷಯ ಬಂದಾಗ "ನಾನು ಮಾಡ್ದೆ" ಎನ್ನುವುದಿಲ್ಲ. ಜೊತೆಯ ಸಹಾಯಕಿಯನ್ನೂ ಸೇರಿಸಿ "ನಾವು ಮಾಡಿದ್ವಿ" ಎನ್ನುತ್ತಾರೆ. ಶಾಲೆ, ಯೋಜನೆ ಇತ್ಯಾದಿಗಳಿಗೆ ತಮಿಳು ಮಾತು ಬೆರೆಸುತ್ತಾರೆ. ಮನೆಯ ವಿಷಯಕ್ಕೆ ಅಚ್ಚ ಕನ್ನಡ. ಇದನ್ನೆಲ್ಲ ಅವರು ಆಡಿದಂತೆಯೇ, ತಿದ್ದದೆ ಬರೆಯಬೇಕು. "ಐತೆ" ಎಂದರೆ "ಐತೆ"; ಅದನ್ನು "ಇದೆ" ಎಂದು ಬರೆದರೆ ಮುಂದೆ ಭಾಷಣ ಬರೆಯುವಾಗ ನಮ್ಮ ಕೈಯಲ್ಲಿ ಅವರ ಮಾತು ಇರುವುದಿಲ್ಲ. ಅವರು ಆಡದ ಮಾತನ್ನೂ ಗಮನಿಸಬೇಕು. ಒಂದು ಗಂಟೆಯಲ್ಲಿ ಅವರು ತಮ್ಮನ್ನು ತಾವು ಒಂದು ಸಲವೂ ಹೊಗಳಿಕೊಂಡಿಲ್ಲವಾದರೆ, ಭಾಷಣದಲ್ಲಿಯೂ ಹೊಗಳಿಕೊಳ್ಳಬಾರದು.

ಕಥೆಯ ಭಾಗದಲ್ಲಿ: ಗ್ಯಾಸ್ ಬರುವ ಮೊದಲು, ಒಂದು ಮಳೆಗಾಲದಲ್ಲಿ ಸೌದೆಯೆಲ್ಲ ನೆನೆದುಹೋಯಿತು. ಒಲೆ ಊದಿ ಊದಿ ಕಣ್ಣು ಕೆಂಪಾಯಿತು. ಬೆಲ್ಲು ಹೊಡೆದು ಮಕ್ಕಳು ತಟ್ಟೆ ಹಿಡಿದು ಕುಳಿತು ಒಂದು ಗಂಟೆಯಾದರೂ ಅನ್ನವಾಗಲಿಲ್ಲ. ಎರಡನೆಯ ತರಗತಿಯ ಒಂದು ಮಗು ಖಾಲಿ ತಟ್ಟೆಯ ಪಕ್ಕದಲ್ಲೇ ನಿದ್ದೆ ಹೋಯಿತು. ಎಬ್ಬಿಸಿ ಊಟ ಮಾಡಿಸಬೇಕಾಯಿತು.

ಮೂರನೆಯ ಕೆಲಸ ಆರಿಸುವುದು. ಎರಡು ದಿನದಲ್ಲಿ ಹತ್ತು ಹನ್ನೆರಡು ಕಥೆಗಳು ಸಿಕ್ಕಿರುತ್ತವೆ. ನಾಲ್ಕು ನಿಮಿಷದಲ್ಲಿ ಒಂದಕ್ಕೆ ಮಾತ್ರ ಜಾಗ. ಯಾವುದು? ರೂಢಿಯ ಭಾಗದಲ್ಲಿ ಬರೆದದ್ದಕ್ಕೂ ಕಥೆಯ ಭಾಗದಲ್ಲಿ ಬರೆದದ್ದಕ್ಕೂ ಎಲ್ಲಿ ಗಂಟು ಬೀಳುತ್ತದೆಯೋ ಆ ಕಥೆ. ಗ್ಯಾಸ್ ಇದ್ದರೂ ಅಟ್ಟದ ಮೇಲೆ ಸೌದೆ ಏಕೆ ಎಂಬುದನ್ನು ಶಾಲೆಯವರು ವರ್ಷಗಳಿಂದ ನೋಡಿದ್ದಾರೆ. ಕಾರಣ ಮಾತ್ರ ಯಾರಿಗೂ ಗೊತ್ತಿಲ್ಲ. ನಿದ್ದೆಹೋದ ಮಗುವೇ ಆ ಕಾರಣ. ಕಥೆಯನ್ನು ಹೇಳಿದರೆ ಸಾಕು. "ನಾನು ಮಕ್ಕಳನ್ನು ತಾಯಿಯಂತೆ ನೋಡಿಕೊಂಡೆ" ಎಂದು ಬರೆಯಬೇಕಾಗಿಯೇ ಇಲ್ಲ.

ನಾಲ್ಕನೆಯ ಕೆಲಸ ಬರೆಯುವುದು. ಮೊದಲು ಅಳತೆ ಗೊತ್ತಾಗಬೇಕು. ಹಿಡಿದಿಟ್ಟ ಧ್ವನಿಯಲ್ಲಿ ಒಂದು ನಿಮಿಷವನ್ನು ಕೇಳಿ ಪದಗಳನ್ನು ಎಣಿಸಬೇಕು. ಅವರು ನಿಮಿಷಕ್ಕೆ 70 ಪದ ಆಡುವವರಾದರೆ ನಾಲ್ಕು ನಿಮಿಷಕ್ಕೆ 280 ಆಗುತ್ತದೆ. ಜನ ನಗುವುದಕ್ಕೆ, ಅವರು ಉಸಿರು ತೆಗೆದುಕೊಳ್ಳುವುದಕ್ಕೆ ಎಡೆ ಬಿಟ್ಟು 240 ಪದಕ್ಕೆ ನಿಲ್ಲಿಸಬೇಕು. ನಮ್ಮ ಓದಿನ ವೇಗದಿಂದ ಅಳೆದರೆ ಭಾಷಣ ಉದ್ದವಾಗಿಬಿಡುತ್ತದೆ. ವಾಕ್ಯಗಳೂ ಅವರ ಉಸಿರಿನಷ್ಟೇ ಉದ್ದವಿರಬೇಕು.

ಒಂದೇ ವಿಷಯವನ್ನು ಎರಡು ಬಗೆಯಾಗಿ ಬರೆದು ನೋಡೋಣ. ಅರ್ಜಿಯ ದಾರಿಯಲ್ಲಿ ಹೀಗಾಗುತ್ತದೆ:

"ವೇದಿಕೆಯ ಮೇಲೆ ಆಸೀನರಾಗಿರುವ ಗಣ್ಯರೇ, ನಾನು ಕಳೆದ 24 ವರ್ಷಗಳಿಂದ ಈ ಶಾಲೆಯಲ್ಲಿ ಪ್ರಾಮಾಣಿಕವಾಗಿ ಸೇವೆ ಸಲ್ಲಿಸಿರುತ್ತೇನೆ. ಮಕ್ಕಳ ಹಸಿವನ್ನು ನೀಗಿಸುವುದೇ ನನ್ನ ಧ್ಯೇಯವಾಗಿತ್ತು."

ಇದರಲ್ಲಿ ತಪ್ಪಿಲ್ಲ. ಆದರೆ "ಆಸೀನ", "ಧ್ಯೇಯ" ಎಂಬ ಪದಗಳಲ್ಲಿ ಅವರ ನಾಲಿಗೆ ತೊಡರುತ್ತದೆ. ತೊಡರಿದ ಕೂಡಲೇ ಮಕ್ಕಳು ನಗುತ್ತಾರೆ, ಮುಂದಿನ ಮಾತು ಮರೆತುಹೋಗುತ್ತದೆ. ಇದೇ ಭಾಷಣವನ್ನು ಯಾರ ಬೀಳ್ಕೊಡುಗೆಗೆ ಬೇಕಾದರೂ ಓದಬಹುದು ಎಂಬುದು ಇನ್ನೊಂದು ಕೊರತೆ. ಈಗ ಅವರ ದಾರಿಯಲ್ಲಿ ನೋಡಿ:

"ಎಲ್ಲಾರ್ದೂ ಊಟ ಆಯ್ತಾ? ಇವತ್ತು ಮಾಡಿದ್ದು ನಾವಲ್ಲ. ಉಪ್ಪು ಹೆಚ್ಚುಕಮ್ಮಿ ಆಗಿದ್ರೆ ನಮ್ಮನ್ನ ಕೇಳಬೇಡಿ. ಅಟ್ಟದ ಮೇಲೆ ಸೌದೆ ಯಾಕೆ ಇಕ್ತೀಯಮ್ಮ, ಗ್ಯಾಸ್ ಐತಲ್ಲ ಅಂತ ಟೀಚರಮ್ಮನೋರು ಕೇಳ್ತಾನೇ ಇದ್ರು. ಇವತ್ತು ಹೇಳ್ತೀನಿ. ಅದ್ಯಾಕಂದ್ರೆ, ಒಂದ್ಸಲ ಮಳೆ ಹಿಡಿದು ಸೌದೆ ಎಲ್ಲಾ ನೆಂದೋಯ್ತು. ಊದಿದ್ವಿ, ಊದಿದ್ವಿ, ಒಲೆ ಹತ್ತಲಿಲ್ಲ. ಮಕ್ಳು ತಟ್ಟೆ ಇಟ್ಕೊಂಡು ಕೂತವೆ. ಅದ್ರಾಗೆ ಒಂದು ಕೂಸು ಹಂಗೇ ತಟ್ಟೆ ಪಕ್ಕ ಮಲಗಿಬಿಡ್ತು. ಅವತ್ತಿಂದ ಆ ಅಟ್ಟ ಖಾಲಿ ಬಿಟ್ಟಿಲ್ಲ ಸಾಮಿ."

ಇಲ್ಲಿ "ಅದ್ಯಾಕಂದ್ರೆ" ಒಂದು ಸಲ, "ಸಾಮಿ" ಒಂದು ಸಲ ಬಂದಿದೆ. ಅವರು ಮಾತನಾಡುವಾಗ ಹತ್ತು ಸಲ ಬರುತ್ತಿದ್ದರೂ ಬರೆಯುವಾಗ ಒಂದೆರಡು ಸಲ ಸಾಕು. ಹೆಚ್ಚಾದರೆ ಅದು ಅವರ ಮಾತಾಗದೆ ಅವರ ಅಣಕವಾಗುತ್ತದೆ. ಉಳಿದ ಸಲ ಬೇಕಾದಲ್ಲಿ ಅವರೇ ಸೇರಿಸಿಕೊಳ್ಳುತ್ತಾರೆ.

ಐದನೆಯ ಕೆಲಸ ಓದಿ ಕೇಳಿಸುವುದು. ನಾವು ನಿಧಾನವಾಗಿ ಓದುತ್ತ ಅವರ ಮುಖವನ್ನು ನೋಡುತ್ತಿರಬೇಕು. ಎಲ್ಲಿ ತಲೆಯಾಡಿಸುತ್ತಾರೆ, ಎಲ್ಲಿ ಹುಬ್ಬು ಗಂಟಿಕ್ಕುತ್ತಾರೆ ಎಂಬುದನ್ನು ಅಂಚಿನಲ್ಲಿ ಗುರುತು ಮಾಡಬೇಕು. "ಕೂಸು ಅಂತ ನಾನ್ ಅನ್ನಲ್ಲ, ಪಾಪು ಅಂತೀನಿ" ಎಂದು ಅವರು ತಡೆದರೆ, ವಾದಿಸದೆ "ಪಾಪು" ಎಂದು ಬರೆಯಬೇಕು. ಬಳಿಕ ಅವರೇ ಒಂದು ಸಲ ಹೇಳಲಿ. ಹೇಳುವಾಗ ಅವರು ಬದಲಾಯಿಸಿದ ಪ್ರತಿಯೊಂದು ಮಾತೂ ನಮ್ಮದಕ್ಕಿಂತ ಮೇಲು. ಕಾಗದವನ್ನು ಅದಕ್ಕೆ ತಕ್ಕಂತೆ ತಿದ್ದಬೇಕು. ಭಾಷಣ ಕುದುರಿದೆಯೇ ಎಂದು ತಿಳಿಯಲು ಇನ್ನೊಂದು ಉಪಾಯವಿದೆ. ಹೆಸರು ಹೇಳದೆ ನಾಲ್ಕು ವಾಕ್ಯಗಳನ್ನು ಅವರ ಮನೆಯವರೊಬ್ಬರ ಮುಂದೆ ಓದಬೇಕು. ಮೊಮ್ಮಗಳು ಕೇಳಿ "ನಮ್ಮಜ್ಜಿ!" ಎಂದು ನಕ್ಕರೆ ಸರಿಯಾಗಿದೆ. "ಯಾರು ಬರೆದದ್ದು, ಚೆನ್ನಾಗಿದೆ" ಎಂದರೆ ಸರಿಯಾಗಿಲ್ಲ.

ಓದಲು ಕಷ್ಟವಿರುವವರಿಗೆ ಕಾಗದ ಕೊಟ್ಟು ಪ್ರಯೋಜನವಿಲ್ಲ. ಭಾಷಣವನ್ನು ಮೂರು ಗುರುತುಗಳ ಮೇಲೆ ನಿಲ್ಲಿಸಬೇಕು. ಇಲ್ಲಿ ಆ ಗುರುತುಗಳು ಊಟ, ಸೌದೆ, ಬೀಗದ ಕೈ. ಊಟ ಎಂದರೆ ಆರಂಭ. ಸೌದೆ ಎಂದರೆ ಕಥೆ. ಬೀಗದ ಕೈ ಎಂದರೆ ಕೊನೆ: ಅಡುಗೆಮನೆಯ ಬೀಗದ ಕೈಯನ್ನು ಹೊಸದಾಗಿ ಬಂದವರ ಕೈಗೆ ಕೊಟ್ಟು, "ಅಟ್ಟ ನೋಡ್ಕೊಳ್ಳಮ್ಮಾ" ಎನ್ನುವುದು. ನಡುವೆ ಒಂದೆರಡು ವಾಕ್ಯ ಮರೆತರೂ ಮೂರು ಗುರುತುಗಳಿದ್ದರೆ ಭಾಷಣ ಬೀಳುವುದಿಲ್ಲ. ಕೈಯಲ್ಲಿ ಬೀಗದ ಕೈ ಇರುವುದರಿಂದ ಕೊನೆಯನ್ನಂತೂ ಮರೆಯುವಂತೆಯೇ ಇಲ್ಲ.

ಇನ್ನು ಈ ಕೆಲಸದ ಎಲ್ಲೆಗಳನ್ನು ಹೇಳಬೇಕು. ಅಡುಗೆಮನೆಯ ಮಾತುಕತೆಯಲ್ಲಿ ಅವರು ಮನೆಯ ಕಷ್ಟ, ಸಾಲ, ಯಾರದೋ ಜಗಳ ಎಲ್ಲವನ್ನೂ ಹೇಳಿಕೊಂಡಿರಬಹುದು. ಅವು ನಮ್ಮನ್ನು ನಂಬಿ ಹೇಳಿದ ಮಾತುಗಳು. "ಇದನ್ನು ಎಲ್ಲರೆದುರು ಹೇಳಬಹುದೇ?" ಎಂದು ಒಂದೊಂದನ್ನೂ ಕೇಳಿ, ಅವರು ಕ್ಷಣ ತಡೆದರೂ ಬಿಟ್ಟುಬಿಡಬೇಕು. ನಿದ್ದೆಹೋದ ಮಗುವಿನ ಹೆಸರನ್ನೂ ಹಾಕಬಾರದು. ಆ ಮಗು ಈಗ ದೊಡ್ಡವನಾಗಿ ಸಭೆಯಲ್ಲೇ ಕುಳಿತಿರಬಹುದು. ನಡೆಯದ ಸಂಗತಿಯನ್ನು ರುಚಿಗಾಗಿ ಸೇರಿಸಕೂಡದು. ಒಂದು ಮಗು ಮಲಗಿತ್ತು ಎಂದರೆ ಒಂದೇ. ಐದು ಮಕ್ಕಳು ಎಂದು ಬರೆದರೆ ಸುಳ್ಳು ಹೇಳಿದವರು ನಾವಾದರೂ ಸುಳ್ಳಾಡಿದವರು ಅವರಾಗುತ್ತಾರೆ.

ಕಷ್ಟವಾದ ಒಂದು ಸಂದರ್ಭವೂ ಬರುತ್ತದೆ. "ಅಡುಗೆಮನೆ ಶೀಟು ಸೋರ್ತದೆ, ಅದನ್ನೂ ಹೇಳ್ಬೇಕು" ಎಂದು ಅವರು ಪಟ್ಟುಹಿಡಿದರು ಎನ್ನೋಣ. ಬೀಳ್ಕೊಡುಗೆಯ ದಿನ ದೂರು ಬೇಡ ಎಂದು ಸಮಾರಂಭ ನಡೆಸುವವರಿಗೆ ಅನ್ನಿಸಬಹುದು. ನಮಗೂ ಸಂಕೋಚವಾಗಬಹುದು. ಆದರೆ ಭಾಷಣ ಅವರದು. ನಮ್ಮ ಭಯವನ್ನು ಅವರಿಗೆ ತಿಳಿಸಬಹುದು, ಮಾತನ್ನು ಕೇಳದೆ ಕಿತ್ತುಹಾಕುವ ಹಕ್ಕು ನಮಗಿಲ್ಲ. ಅದನ್ನು ಮನವಿಪತ್ರದ ಮಾತಾಗಿ ಹಿಗ್ಗಿಸುವ ಹಕ್ಕೂ ಇಲ್ಲ. ಅವರು ಹೇಗೆ ಹೇಳುತ್ತಾರೋ ಹಾಗೆ, ಬೀಗದ ಕೈ ಕೊಡುವಾಗ ಒಂದೇ ವಾಕ್ಯ: "ಮಳೆ ಬಂದ್ರೆ ಅಟ್ಟದ ಎಡಗಡೆ ಸೌದೆ ಇಕ್ಬೇಡ, ಅಲ್ಲಿ ಸೋರ್ತದೆ." ಹೊಸಬರಿಗೆ ಅದು ಬುದ್ಧಿಮಾತು. ಕೇಳಬೇಕಾದವರಿಗೆ ಕೇಳಿಸುತ್ತದೆ.

ಭಾಷಣ ಮುಗಿದ ಮೇಲೆ ಬರೆದ ಕಾಗದವನ್ನು ಅವರಿಗೇ ಕೊಡಬೇಕು. ಹಿಡಿದಿಟ್ಟ ಧ್ವನಿಯನ್ನೂ ಅವರ ಮನೆಯವರಿಗೆ ಒಪ್ಪಿಸಿ, ನಮ್ಮ ಮೊಬೈಲಿನಲ್ಲಿ ಉಳಿಸಿಕೊಳ್ಳಬಹುದೇ ಎಂದು ಕೇಳಬೇಕು; ಬೇಡವೆಂದರೆ ಅಳಿಸಬೇಕು. "ಬರೆದುಕೊಟ್ಟದ್ದು ನಾವು" ಎಂದು ಹೇಳಿಕೊಂಡು ತಿರುಗಬಾರದು. ಅದರಲ್ಲಿ ನಮ್ಮದೆಂದು ಹೇಳಿಕೊಳ್ಳುವುದು ಹೆಚ್ಚೇನೂ ಇರುವುದಿಲ್ಲ. ಕಥೆ ಅವರದು, ಮಾತು ಅವರದು; ಆರಿಸಿ, ಅಳೆದು, ಸಾಲಾಗಿ ಜೋಡಿಸಿದ್ದಷ್ಟೇ ನಮ್ಮ ಕೆಲಸ.